ಜಗಳೂರಿನ ಬಾಕಿ, ಹರಿಹರದ ಬಾಕಿ: ದಾವಣಗೆರೆಯ ಸಗಟು ವ್ಯಾಪಾರವೊಂದರ ಉದ್ರಿ ಲೆಕ್ಕ

ದಾವಣಗೆರೆಯ ಒಂದು ಪಾಲುದಾರಿಕೆ ಸಂಸ್ಥೆ ಕೀಟನಾಶಕ, ಕಳೆನಾಶಕ, ಲಘು ಪೋಷಕಾಂಶ ಮತ್ತು ಬಿತ್ತನೆ ಬೀಜವನ್ನು ಸಗಟಾಗಿ ಮಾರುತ್ತದೆ. ಮಾಲು ಕೊಳ್ಳುವ ಡೀಲರ್‌ಗಳು 140. ಒಂದು ಕಡೆ ಹರಿಹರ, ಹೊನ್ನಾಳಿ, ಚನ್ನಗಿರಿ. ಇನ್ನೊಂದು ಕಡೆ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು. ವರ್ಷದ ಮಾರಾಟ ಸುಮಾರು 14 ಕೋಟಿ. 31 ಮಾರ್ಚ್ 2024ಕ್ಕೆ ಡೀಲರ್‌ಗಳಿಂದ ಬರಬೇಕಾದ ಬಾಕಿ ಪುಸ್ತಕದಲ್ಲಿ 4.20 ಕೋಟಿ. ಬಿಲ್ಲಿನ ಕೆಳಗೆ 60 ದಿನದ ಉದ್ರಿ ಎಂದು ಅಚ್ಚಾಗಿದೆ. ಬಾಕಿಯನ್ನು ದಿನದ ಮಾರಾಟದಿಂದ ಭಾಗಿಸಿದರೆ ಬರುವುದು 110 ದಿನ.

ಸಂಸ್ಥೆ, ಡೀಲರ್‌ಗಳು ಮತ್ತು ಮೊತ್ತಗಳು ಲೆಕ್ಕವನ್ನು ಬಿಡಿಸಿ ತೋರಿಸಲು ಕಟ್ಟಿಕೊಂಡವು. ಕಾನೂನು, ಲೆಕ್ಕದ ವಿಧಾನ ಮತ್ತು ತಪ್ಪುಗಳು ಮಾತ್ರ ಪೇಟೆಯಲ್ಲಿ ನಿತ್ಯ ಕಾಣುವಂಥವೇ.

ಈವರೆಗೆ ಸಂಸ್ಥೆ ವರ್ಷದ ಕೊನೆಗೆ ಬಾರದೆ ಹೋಗಬಹುದಾದ ಹಣಕ್ಕೆಂದು ಒಟ್ಟು ಬಾಕಿಯ ಮೇಲೆ ಶೇ 2ರಂತೆ ಪ್ರಾವಿಷನ್ ಬರೆದು ಕೈತೊಳೆದುಕೊಳ್ಳುತ್ತಿತ್ತು. 4.20 ಕೋಟಿಗೆ ಅದು 8.40 ಲಕ್ಷ. ಈ ಶೇ 2 ಎಲ್ಲಿಂದ ಬಂತು ಎಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಹಿಂದೆ ಯಾರೋ ಹಾಕಿದ್ದರು, ಹಾಗೇ ಬಂದಿದೆ. ನಿಜವಾಗಿ ಎಷ್ಟು ಹಾಕಬೇಕಿತ್ತು ಎಂಬುದನ್ನು ಮುಂದೆ ನೋಡೋಣ. ಅದಕ್ಕೂ ಮೊದಲು ಬಾಕಿಯ ವಯಸ್ಸು ತೋರಿಸುವ ಪಟ್ಟಿ ನಿಜ ಹೇಳುತ್ತಿದೆಯೇ ಎಂದು ನೋಡಬೇಕು. ಕೆಲಸದ ಮುಕ್ಕಾಲು ಪಾಲು ಇರುವುದು ಅಲ್ಲೇ.

ಪಟ್ಟಿ ಸುಳ್ಳಾಗುವುದು ಹೇಗೆ

ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯಲ್ಲಿ ತೆಗೆದ ಮೊದಲ ಪಟ್ಟಿಯಲ್ಲಿ ಪಾವತಿಯಾಗದ ಬಿಲ್‌ಗಳ ಮೊತ್ತ 5.02 ಕೋಟಿ ಇತ್ತು. ಅದರಲ್ಲಿ ಒಂದು ವರ್ಷ ದಾಟಿದ್ದೇ 1.10 ಕೋಟಿ. ಅದರ ಪಕ್ಕದಲ್ಲಿ 82 ಲಕ್ಷ `On Account` ಎಂದು ಕಳೆದು ನಿಂತಿತ್ತು. ಎರಡನ್ನೂ ಕೂಡಿ ಕಳೆದರೆ 4.20 ಕೋಟಿ ಸರಿಯಾಗಿ ಬರುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಆದರೆ ಆ 82 ಲಕ್ಷ ಡೀಲರ್‌ಗಳು ಕೊಟ್ಟ ಹಣ. ರಸೀದಿ ನಮೂದಿಸುವಾಗ ಯಾವ ಬಿಲ್ಲಿಗೆ ಎಂದು ಕಟ್ಟದೆ ಖಾತೆಗೆ ಹಾಕಿ ಬಿಟ್ಟದ್ದು. ಹಣ ಬಂದಾಗಿದ್ದರೂ ಹಳೆಯ ಬಿಲ್ ತೆರೆದೇ ಉಳಿದಿದೆ.

ಇದನ್ನು ಸರಿಪಡಿಸಲು ಅಕೌಂಟೆಂಟ್ ಹಿಡಿದ ದಾರಿ ಸುಲಭದ್ದು: ಬಂದ ಹಣವನ್ನೆಲ್ಲ ಅತಿ ಹಳೆಯ ಬಿಲ್ಲಿನಿಂದ ಶುರುಮಾಡಿ ಕಳೆಯುತ್ತ ಹೋಗುವುದು. ಪಟ್ಟಿ ಕೂಡಲೇ ಚೊಕ್ಕಟವಾಯಿತು, ಹಳೆಯ ಬಾಕಿ ಕರಗಿತು. ಆದರೆ ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಜಗಳೂರಿನ ಒಬ್ಬ ಡೀಲರ್ ಖಾತೆಯನ್ನು ಹತ್ತಿರದಿಂದ ನೋಡಿದರೆ ಯಾಕೆಂದು ತಿಳಿಯುತ್ತದೆ.

18 ಆಗಸ್ಟ್ 2023ರಂದು ಬಿಲ್ 412, ಮೆಕ್ಕೆಜೋಳದ ಕಳೆನಾಶಕ, ₹1,86,000. ನವೆಂಬರ್ 20ರಂದು ಇನ್ನೊಂದು ಬಿಲ್ ₹95,000. ಜನವರಿ 10ರಂದು ಮತ್ತೊಂದು ₹70,000. ಜನವರಿ ಕೊನೆಗೆ ಎನ್‌ಇಎಫ್‌ಟಿ ಮೂಲಕ ₹95,000 ಬಂತು, ಮಾರ್ಚ್‌ನಲ್ಲಿ ₹70,000. ಹಳೆಯದರಿಂದ ಕಳೆದರೆ ಈ 1,65,000 ಎಲ್ಲವೂ ಬಿಲ್ 412ಕ್ಕೆ ಹೋಗಿ, ಅಲ್ಲಿ ಉಳಿಯುವುದು ಬರೀ 21,000. ಮಿಕ್ಕ 1,65,000 ಬಾಕಿ 132 ದಿನ ಮತ್ತು 81 ದಿನದ ಹೊಸ ಬಿಲ್‌ಗಳದ್ದಾಗಿ ಕಾಣುತ್ತದೆ. ಆದರೆ ಬಂದ ಮೊತ್ತಗಳನ್ನೇ ನೋಡಿ. ರೂಪಾಯಿಗೆ ರೂಪಾಯಿ ಹೊಸ ಬಿಲ್‌ಗಳದ್ದೇ. ಆತ ಹೊಸದನ್ನು ತೀರಿಸಿ, 412ನ್ನು ಬೇಕೆಂದೇ ತಡೆಹಿಡಿದಿದ್ದಾನೆ. ನಿಜವಾದ ಬಾಕಿ 226 ದಿನದ 1,86,000, ಒಂದೇ ಬಿಲ್.

ಇದು ಬರೀ ಲೆಕ್ಕದ ಶಿಸ್ತಿನ ಮಾತಲ್ಲ, ಕಾನೂನೂ ಹೀಗೇ ಹೇಳುತ್ತದೆ. ಭಾರತೀಯ ಕರಾರು ಕಾಯ್ದೆ 1872ರ ಕಲಂ 59ರ ಪ್ರಕಾರ ಸಾಲಗಾರ ಯಾವ ಸಾಲಕ್ಕೆ ಎಂದು ಹೇಳಿ ಕೊಟ್ಟರೆ, ಅಥವಾ ಸಂದರ್ಭದಿಂದಲೇ ಅದು ಗೊತ್ತಾಗುವಂತಿದ್ದರೆ, ಹಣವನ್ನು ಸ್ವೀಕರಿಸಿದವರು ಅದೇ ಸಾಲಕ್ಕೆ ಜಮಾ ಮಾಡಬೇಕು. ಏನೂ ಸೂಚನೆ ಇಲ್ಲದಿದ್ದರೆ ಕಲಂ 60ರಂತೆ ಯಾವುದಕ್ಕೆ ಎಂಬ ಆಯ್ಕೆ ಸಾಲ ಕೊಟ್ಟವರದು. ಇಬ್ಬರೂ ಏನೂ ಮಾಡದಿದ್ದರೆ ಮಾತ್ರ ಕಲಂ 61ರಂತೆ ಹಳೆಯದರಿಂದ ಕ್ರಮವಾಗಿ. ಹಾಗಾಗಿ ಎಲ್ಲವನ್ನೂ ಹಳೆಯದಕ್ಕೆ ಕಳೆಯುವುದು ಕೊನೆಯ ದಾರಿ, ಮೊದಲನೆಯದಲ್ಲ. ಕ್ರಮ ಹೀಗಿರಲಿ: ಬ್ಯಾಂಕ್ ವಿವರದಲ್ಲಿ ಬಿಲ್ ನಂಬರ್ ಇದ್ದರೆ ಟ್ಯಾಲಿಯಲ್ಲಿ `Agst Ref` ಕೊಟ್ಟು ಹಣವನ್ನು ಅದೇ ಬಿಲ್ಲಿಗೆ ಕಟ್ಟಿ, ಇಲ್ಲದಿದ್ದರೆ ಮೊತ್ತ ಯಾವ ಬಿಲ್ಲಿಗೆ, ಅಥವಾ ಯಾವ ಎರಡು ಮೂರು ಬಿಲ್‌ಗಳ ಮೊತ್ತಕ್ಕೆ ತಾಳೆಯಾಗುತ್ತದೆ ನೋಡಿ, ಅದೂ ಆಗದಿದ್ದರೆ ಮಾತ್ರ ಹಳೆಯದಕ್ಕೆ. 82 ಲಕ್ಷದಲ್ಲಿ ಸುಮಾರು 600 ರಸೀದಿಗಳಿದ್ದವು. ಇಬ್ಬರು ಕೂತರೆ ಇದು ನಾಲ್ಕೈದು ದಿನದ ಕೆಲಸ, ಮತ್ತು ಇದಕ್ಕೆ ಅಡ್ಡದಾರಿಯಿಲ್ಲ.

ಆತ 412ನ್ನು ಯಾಕೆ ತಡೆದ? ಗೋದಾಮಿನ ಆವಕ ಪುಸ್ತಕದಲ್ಲಿ ಉತ್ತರವಿತ್ತು. ಅಕ್ಟೋಬರ್‌ನಲ್ಲಿ ಆತ 40 ಬಾಕ್ಸ್ ವಾಪಸ್ ಕಳಿಸಿದ್ದಾನೆ, ಲಾರಿ ರಸೀದಿ ಇದೆ, ಮಾಲಿನ ಬೆಲೆ ₹62,000. ಬಿಲ್ಲಿನಿಂದ ಅಷ್ಟನ್ನು ಕಳೆಯುವ ಕ್ರೆಡಿಟ್ ನೋಟ್ ಮಾತ್ರ ಆಗಿಲ್ಲ. ಈ ಒಂದು ಡೀಲರ್ ಅಲ್ಲ, ವಾಪಸಾದ ಮಾಲು ಮತ್ತು ಸೀಸನ್ ಸ್ಕೀಮಿನ ರಿಯಾಯಿತಿ ಸೇರಿ ಪುಸ್ತಕಕ್ಕೆ ಏರದ ಕ್ರೆಡಿಟ್ ನೋಟ್‌ಗಳ ಮೊತ್ತ 24 ಲಕ್ಷ. ಇದನ್ನು ಸಾಲನಷ್ಟ ಎಂದು ಕರೆಯಬಾರದು. ಡೀಲರ್ ಕೊಡಲಾರದೆ ಉಳಿದ ಹಣವಲ್ಲ ಇದು, ನಾವೇ ಬಿಟ್ಟುಕೊಡಬೇಕಾದ ಹಣ. ಮಾರಾಟದಿಂದಲೇ ಕಳೆಯಬೇಕು. ಎರಡನ್ನೂ ಬೆರೆಸಿದರೆ ಮುಂದೆ ನಷ್ಟದ ದರ ಲೆಕ್ಕ ಹಾಕುವಾಗ ಒಳ್ಳೆಯ ಡೀಲರ್‌ಗಳೂ ಕೆಟ್ಟವರಾಗಿ ಕಾಣುತ್ತಾರೆ. ವಾಪಸಾದ ಮಾಲಿಗೆ ತಡಮಾಡಿದರೆ ಇನ್ನೊಂದು ನಷ್ಟವೂ ಇದೆ. ಜಿಎಸ್‌ಟಿಯ ಕಲಂ 34ರಂತೆ 2023-24ರ ಬಿಲ್ಲಿನ ಕ್ರೆಡಿಟ್ ನೋಟನ್ನು 30 ನವೆಂಬರ್ 2024ರೊಳಗೆ, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವ ದಿನ ಮೊದಲು ಬಂದರೆ ಅದರೊಳಗೆ, ತೋರಿಸಬೇಕು. ಆ ಗಡುವು ದಾಟಿದರೆ ಕಟ್ಟಿದ ತೆರಿಗೆ ಹೋದ ಹಾಗೆ.

ಬಾಕಿಯನ್ನು ಎಳೆಯದಾಗಿಸುವ ಇನ್ನೆರಡು ನಮೂದುಗಳನ್ನು ಹುಡುಕಲೇಬೇಕು. ಒಂದು, ಬೌನ್ಸ್ ಆದ ಚೆಕ್. ಚೆಕ್ ಬಂದ ದಿನ ಬಿಲ್ ಮುಚ್ಚುತ್ತದೆ. ಚೆಕ್ ವಾಪಸಾದಾಗ ಅಕೌಂಟೆಂಟ್ ಡೀಲರ್ ಖಾತೆಗೆ ಖರ್ಚು ಬರೆದು ಹೊಸ ಬಿಲ್ಲಿನಂತೆ `New Ref` ಎಂದು ಕೊಟ್ಟರೆ, 200 ದಿನದ ಹಳೆಯ ಬಾಕಿ ಅವತ್ತೇ ಹುಟ್ಟಿದ ಕೂಸಾಗುತ್ತದೆ. ಅತಿ ಹೆಚ್ಚು ಅಪಾಯದ ಬಾಕಿಯೇ ಪಟ್ಟಿಯಲ್ಲಿ ಅತಿ ಎಳೆಯದು! ಈ ಸಂಸ್ಥೆಯಲ್ಲಿ ವರ್ಷಕ್ಕೆ 31 ಚೆಕ್, 22 ಲಕ್ಷ ಹೀಗಾಗಿತ್ತು. ಹಳೆಯ ಬಿಲ್ ನಂಬರನ್ನೇ ಕೊಟ್ಟು, ಹಳೆಯ ದಿನಾಂಕವೇ ನಿಲ್ಲುವಂತೆ ತಿದ್ದಬೇಕು. ಇನ್ನೊಂದು, ಹೊಸ ವರ್ಷಕ್ಕೆ ಹೊಸ ಕಂಪನಿ ತೆರೆದು ಪ್ರತಿ ಡೀಲರ್‌ನ ಹಳೆಯ ಬಾಕಿಯನ್ನು ಏಪ್ರಿಲ್ 1ರ ಒಂದೇ ಮೊತ್ತವಾಗಿ ತಂದದ್ದು. ಅಲ್ಲಿ ಮೂರು ವರ್ಷದ ಬಾಕಿಯೂ ಏಪ್ರಿಲ್ 1ರದ್ದೇ ಆಗಿಬಿಡುತ್ತದೆ. ಆರಂಭಿಕ ಬಾಕಿಯನ್ನು ಬಿಲ್‌ವಾರು ಒಡೆದು ಹಾಕದೆ ಗತಿಯಿಲ್ಲ.

ಎಲ್ಲ ಮುಗಿದ ಮೇಲೆ ಬಾಕಿ 3.96 ಕೋಟಿಗೆ ಇಳಿಯಿತು. ಒಂದು ವರ್ಷ ದಾಟಿದ್ದು 1.10 ಕೋಟಿಯಿಂದ 30 ಲಕ್ಷಕ್ಕೆ ಬಂತು, ಮತ್ತು ಆ 30 ಲಕ್ಷ ಗಟ್ಟಿ ಸತ್ಯ. ಈ ಹಂತದಲ್ಲಿ ವಯಸ್ಸನ್ನು ಬಿಲ್ ದಿನಾಂಕದಿಂದಲ್ಲ, ಗಡುವಿನ ದಿನದಿಂದ ಎಣಿಸಲು ಶುರುಮಾಡಿದೆವು. ಎಕ್ಸೆಲ್‌ನಲ್ಲಿ B ಕಾಲಂ ಬಿಲ್ ದಿನಾಂಕವಾದರೆ ಗಡುವು ಮೀರಿದ ದಿನಗಳು:

```
=DATE(2024,3,31)-(B2+60)
```

ಉತ್ತರ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಡುವು ಇನ್ನೂ ಮುಗಿದಿಲ್ಲ.

ಡೀಲರ್‌ಗಳನ್ನು ಎರಡು ಗುಂಪು ಮಾಡಿದ್ದೇಕೆ

ಹರಿಹರದ ಡೀಲರ್‌ಗೆ ಹಣ ಬರುವುದು ಭದ್ರಾ ನಾಲೆಯ ಭತ್ತದಿಂದ, ಚನ್ನಗಿರಿಯವನಿಗೆ ಅಡಿಕೆಯಿಂದ. ಜಗಳೂರಿನವನಿಗೆ ಮಳೆ ನಂಬಿದ ಮೆಕ್ಕೆಜೋಳ, ಚಳ್ಳಕೆರೆಯವನಿಗೆ ಶೇಂಗಾ. ಖುಷ್ಕಿಯಲ್ಲಿ ಜೂನ್‌ನಲ್ಲಿ ಕೊಟ್ಟ ಉದ್ರಿ ರೈತನ ಕೈಯಿಂದ ವಾಪಸ್ ಬರುವುದು ಮಾಲು ಮಾರಿದ ಮೇಲೆ, ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ. ಅಲ್ಲಿ ಬಿಲ್ ಮೇಲಿನ 60 ದಿನ ಎಂಬುದು ಬರೀ ಕಾಗದದ ಮಾತು. ಇಬ್ಬರನ್ನೂ ಒಂದೇ ಪಟ್ಟಿಗೆ ಹಾಕಿದರೆ ಸರಾಸರಿ ಇಬ್ಬರಿಗೂ ಹೊಂದುವುದಿಲ್ಲ.

ಇಂಥ ಬಾಕಿಗೆ ನಷ್ಟದ ದರ ಕಟ್ಟುವ ವಿಧಾನವನ್ನು ಇಂಡ್ ಎಎಸ್ 109 ಎಂಬ ಲೆಕ್ಕಪತ್ರ ಮಾನದಂಡ ಹೇಳುತ್ತದೆ. ವ್ಯಾಪಾರದ ಬಾಕಿಗೆ ಸರಳ ದಾರಿ: ಬಾಕಿಯನ್ನು ವಯಸ್ಸಿನ ಪ್ರಕಾರ ವಿಂಗಡಿಸಿ, ಹಿಂದಿನ ಅನುಭವದಿಂದ ಒಂದೊಂದು ವಯಸ್ಸಿಗೂ ದರ ಕಟ್ಟಿ, ಮುಂದಿನ ಪರಿಸ್ಥಿತಿಗೆ ತಕ್ಕಂತೆ ತಿದ್ದುವುದು. ಪಾಲುದಾರಿಕೆ ಸಂಸ್ಥೆಗೆ ಆ ಮಾನದಂಡ ಕಡ್ಡಾಯವಲ್ಲ. ಇವರಿಗೆ ಅನ್ವಯಿಸುವುದು ಹಳೆಯ ಎಎಸ್ 4, ಅದು ಸಂಭವನೀಯ ನಷ್ಟಕ್ಕೆ ಅವಕಾಶ ಮಾಡಿ ಎನ್ನುತ್ತದೆ, ಹೇಗೆ ಎಂದು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ವಿಧಾನವನ್ನು 109ರಿಂದ ಎರವಲು ತರುವುದು ಯೋಗ್ಯ.

ದರ ಕಟ್ಟಲು ತಿಂಗಳಿಂದ ತಿಂಗಳಿಗೆ ಎಷ್ಟು ಬಾಕಿ ಮುಂದಿನ ವಯಸ್ಸಿಗೆ ಉರುಳಿತು ಎಂದು ನೋಡುವ ಪದ್ಧತಿಯೊಂದಿದೆ. ಅದು ಸಿಮೆಂಟ್ ಅಥವಾ ದಿನಸಿಗೆ ಸರಿ. ಇಲ್ಲಿ ಆಗಸ್ಟ್‌ನಲ್ಲಿ ಎಲ್ಲವೂ ಉರುಳುತ್ತದೆ, ಡಿಸೆಂಬರ್‌ನಲ್ಲಿ ಏನೂ ಉರುಳುವುದಿಲ್ಲ, ಬಂದ ದರಕ್ಕೆ ಅರ್ಥವಿಲ್ಲ. ಹಂಗಾಮಿನ ವ್ಯಾಪಾರಕ್ಕೆ ಸರಿಯಾದದ್ದು ಒಂದು ವರ್ಷದ ಬಿಲ್‌ಗಳನ್ನೆಲ್ಲ ಒಂದು ಕಟ್ಟಾಗಿ ಹಿಡಿದು, ಅವು ಸಾಯುವವರೆಗೂ ಹಿಂಬಾಲಿಸುವುದು. 2019-20, 2020-21, 2021-22 ಈ ಮೂರು ವರ್ಷದ ಬಿಲ್‌ಗಳನ್ನು ತೆಗೆದುಕೊಳ್ಳಬಹುದು, ಏಕೆಂದರೆ 31 ಮಾರ್ಚ್ 2024ಕ್ಕೆ ಅವೆಲ್ಲಕ್ಕೂ ಎರಡು ವರ್ಷ ತುಂಬಿದೆ. ಎರಡು ವರ್ಷವಾದರೂ ಬಾರದ್ದನ್ನು ನಷ್ಟವೆಂದು ಎಣಿಸಲಾಗಿದೆ.

ಖುಷ್ಕಿ ಭಾಗದಲ್ಲಿ ಮೂರು ವರ್ಷಕ್ಕೆ ವಾಪಸ್ ಮಾಲು ಕಳೆದ ಮಾರಾಟ 1,440 ಲಕ್ಷ. ಗಡುವಿನ ದಿನ ದಾಟಿ ಬಾಕಿ ಉಳಿದದ್ದು 1,008 ಲಕ್ಷ. ಗಡುವು ಮೀರಿ 60 ದಿನ ದಾಟಿದ್ದು 600, 120 ದಾಟಿದ್ದು 360, 180 ದಾಟಿದ್ದು 144, ಒಂದು ವರ್ಷ ದಾಟಿದ್ದು 45. ಕೊನೆಗೂ ಬಾರದೆ ಹೋದದ್ದು 27 ಲಕ್ಷ. ಈಗ ದರ ತಾನಾಗಿ ಸಿಗುತ್ತದೆ: ಯಾವ ಮೆಟ್ಟಿಲಿಗೆ ಎಷ್ಟು ತಲುಪಿತೋ ಅದರಿಂದ 27ನ್ನು ಭಾಗಿಸಿ. 120 ದಿನ ದಾಟಿದ 360 ಲಕ್ಷದಲ್ಲಿ 27 ಹೋಯಿತು ಎಂದರೆ ಶೇ 7.5. ಗಡುವೇ ಮುಗಿಯದ ಬಿಲ್ಲಿಗೆ 1,440ರಲ್ಲಿ 27, ಶೇ 1.9ರಷ್ಟು.

ನೀರಾವರಿ ಭಾಗದಲ್ಲಿ 1,920 ಲಕ್ಷ ಮಾರಾಟಕ್ಕೆ ಅದೇ ಮೆಟ್ಟಿಲುಗಳಲ್ಲಿ ಕ್ರಮವಾಗಿ 900, 300, 120, 48, 18, ಮತ್ತು ನಷ್ಟ 9.6 ಲಕ್ಷ. ಒಟ್ಟು ಮಾರಾಟಕ್ಕೆ ಹೋಲಿಸಿದರೆ ಅರ್ಧ ಶೇಕಡ ಮಾತ್ರ, ಖುಷ್ಕಿಯ ಸುಮಾರು ಕಾಲು ಭಾಗ. ಆದರೆ 120 ದಿನ ದಾಟಿದವರನ್ನು ನೋಡಿ: 120ರಲ್ಲಿ 9.6, ಅಂದರೆ ಶೇ 8. ಇಲ್ಲಿ ನೀರಾವರಿ ಡೀಲರ್ ಖುಷ್ಕಿಯವನಿಗಿಂತ ಹೆಚ್ಚು ಅಪಾಯದವನು. ಕಾರಣ ಸರಳ. ಖುಷ್ಕಿಯಲ್ಲಿ 120 ದಿನ ತಡ ಮಾಡುವುದು ನಾಲ್ಕರಲ್ಲೊಂದು ಪಾಲು ಹಣ, ಅದು ಆ ಊರಿನ ಬೆಳೆಯ ಗತಿ. ನೀರಾವರಿಯಲ್ಲಿ ಅಷ್ಟು ತಡ ಮಾಡುವುದು ನೂರಕ್ಕೆ ಆರು. ಸುತ್ತಲಿನವರೆಲ್ಲ ಕೊಟ್ಟಾಗ ಕೊಡದೆ ಉಳಿದವನಿಗೆ ಬೆಳೆಯ ನೆಪ ಇಲ್ಲ, ಅವನ ಕಷ್ಟ ಬೇರೆಯದೇ. ವಸೂಲಿಗೆ ಹೋಗುವ ಹುಡುಗರು 120 ದಿನ ದಾಟಿದ ಹರಿಹರದ ಅಂಗಡಿಗೆ ಮೊದಲು ಹೋಗಬೇಕು, ಜಗಳೂರಿಗೆ ಆಮೇಲೆ. ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ.

ಮಳೆ ಕೈಕೊಟ್ಟ ವರ್ಷ

ಹಿಂದಿನ ಮೂರು ವರ್ಷದ ದರವನ್ನು ಹಾಗೇ ಹಾಕಿದರೆ ತಪ್ಪಾಗುತ್ತದೆ. ಆ ವರ್ಷಗಳಲ್ಲಿ ಮಳೆ ಚೆನ್ನಾಗಿತ್ತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಬರದ ವರ್ಷವೇ ಇಲ್ಲದ ಇತಿಹಾಸದಿಂದ ಬರದ ವರ್ಷದ ನಷ್ಟ ಹೇಳಲಾಗದು.

ಎಷ್ಟು ಏರಿಸಬೇಕು ಎಂಬುದಕ್ಕೆ ಮೇಜಿನ ಮುಂದೆ ಕೂತು ಸಂಖ್ಯೆ ಊಹಿಸಬೇಕಿಲ್ಲ. 2023ರ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಲ್‌ಗಳನ್ನು ತೆಗೆಯಿರಿ. ಸೆಪ್ಟೆಂಬರ್ 30ರ ಬಿಲ್ಲಿನ ಗಡುವು ನವೆಂಬರ್ 29, ಅಲ್ಲಿಂದ 120 ದಿನವೆಂದರೆ ಮಾರ್ಚ್ 28. ಅಂದರೆ ಮಾರ್ಚ್ 31ಕ್ಕೆ ಈ ಎಲ್ಲ ಬಿಲ್‌ಗಳೂ 120 ದಿನದ ಪರೀಕ್ಷೆ ಮುಗಿಸಿವೆ. ಹಿಂದಿನ ಮೂರು ವರ್ಷ ಇದೇ ನಾಲ್ಕು ತಿಂಗಳ ಬಿಲ್‌ಗಳಲ್ಲಿ ಖುಷ್ಕಿಯಲ್ಲಿ 120 ದಿನ ದಾಟುತ್ತಿದ್ದದ್ದು ಶೇ 26, ಈ ಸಲ ಶೇ 39. ಒಂದೂವರೆ ಪಟ್ಟು. ನೀರಾವರಿಯಲ್ಲಿ ಶೇ 6 ಇದ್ದದ್ದು 7.2 ಆಗಿದೆ, 1.2 ಪಟ್ಟು.

ಈ ಗುಣಕವನ್ನು ಎಲ್ಲ ವಯಸ್ಸಿನ ಬಾಕಿಗೂ ಹಾಕುವುದು ಇಲ್ಲಿ ಅನೇಕರು ಮಾಡುವ ತಪ್ಪು. ನಾವು ಅಳೆದದ್ದು 120 ದಿನಕ್ಕೆ ತಲುಪುವವರು ಎಷ್ಟು ಹೆಚ್ಚಾದರು ಎಂಬುದನ್ನು. ಆದ್ದರಿಂದ ಇನ್ನೂ ಅಲ್ಲಿಗೆ ತಲುಪದ ಮೂರು ಮೆಟ್ಟಿಲುಗಳ ದರ ಮಾತ್ರ ಏರಬೇಕು. ಈಗಾಗಲೇ 120 ದಾಟಿ ಕೂತವರಲ್ಲಿ ಬರದ ಪ್ರಭಾವ ಅವರ ಬಾಕಿಯ ಗಾತ್ರದಲ್ಲೇ ಬಂದಾಗಿದೆ. ಅಲ್ಲೂ ಗುಣಿಸಿದರೆ ಒಂದೇ ಬರವನ್ನು ಎರಡು ಸಲ ಎಣಿಸಿದಂತೆ. 120 ದಾಟಿದವನು ಕೊನೆಗೆ ಮುಳುಗುವ ಸಾಧ್ಯತೆ ಹಿಂದಿನಷ್ಟೇ ಎಂಬುದು ನಮ್ಮ ಅಂದಾಜು. ಮಳೆಯಿಂದ ತಡವಾದವನು ಮುಂದಿನ ಬೆಳೆಗೆ ಕೊಡುತ್ತಾನೆ ಎಂಬ ನಂಬಿಕೆ ಅದರ ಹಿಂದಿದೆ. ಈ ಅಂದಾಜನ್ನು ಬರೆದಿಡಬೇಕು, ಆಡಿಟರ್ ಮೊದಲು ಕೇಳುವುದು ಇದನ್ನೇ.

ಐದು ಡೀಲರ್‌ಗಳ 26 ಲಕ್ಷವನ್ನು ಪಟ್ಟಿಯಿಂದ ಹೊರಗಿಟ್ಟು ಬೇರೆಯಾಗಿ ನೋಡಲಾಯಿತು. ಉಳಿದ 370 ಲಕ್ಷಕ್ಕೆ ಬಂದ ಲೆಕ್ಕ ಹೀಗಿದೆ, ಮೊತ್ತಗಳು ಲಕ್ಷದಲ್ಲಿ:

| ಗಡುವು ಮೀರಿದ ದಿನ | ಖುಷ್ಕಿ ಬಾಕಿ | ದರ ಶೇ | ಪ್ರಾವಿಷನ್ | ನೀರಾವರಿ ಬಾಕಿ | ದರ ಶೇ | ಪ್ರಾವಿಷನ್ |
|---|---|---|---|---|---|---|
| ಮೀರಿಲ್ಲ | 42 | 2.81 | 1.18 | 80 | 0.60 | 0.48 |
| 1–60 | 38 | 4.02 | 1.53 | 58 | 1.28 | 0.74 |
| 61–120 | 38 | 6.75 | 2.57 | 30 | 3.84 | 1.15 |
| 121–180 | 28 | 7.50 | 2.10 | 14 | 8.00 | 1.12 |
| 181–365 | 18 | 18.75 | 3.37 | 10 | 20.00 | 2.00 |
| 365 ಮೇಲೆ | 8 | 60.00 | 4.80 | 6 | 53.33 | 3.20 |
| ಒಟ್ಟು | 172 | | 15.55 | 198 | | 8.69 |

ಎರಡೂ ಸೇರಿ 24.24 ಲಕ್ಷ. ಈ ದರಗಳು ಮೆಟ್ಟಿಲಿಗೆ ಈಗಷ್ಟೇ ಕಾಲಿಟ್ಟ ಬಾಕಿಗೆ ಸರಿಹೊಂದುವಂಥವು. ಅದೇ ಮೆಟ್ಟಿಲಿನ ತುದಿಯಲ್ಲಿರುವುದಕ್ಕೆ ಸ್ವಲ್ಪ ಕಡಿಮೆಯೇ. ಕೊನೆಯ ಸಾಲಿನಲ್ಲಿ ಇದು ಎದ್ದು ಕಾಣುತ್ತದೆ: 370 ದಿನದ ಬಾಕಿಗೂ 700 ದಿನದ ಬಾಕಿಗೂ ಒಂದೇ ಶೇ 60 ಹಾಕುವುದು ಸರಿಯಲ್ಲ. ಹಾಗಾಗಿ ಆ ಸಾಲಿನ ಪ್ರತಿ ಡೀಲರ್ ಹೆಸರನ್ನೂ ಒಮ್ಮೆ ಕಣ್ಣಾಡಿಸಿ, ಎರಡು ವರ್ಷದ ಹತ್ತಿರ ಬಂದದ್ದನ್ನು ಬೇರೆ ಪಟ್ಟಿಗೆ ಎತ್ತಬೇಕು.

ಬೇರೆ ಇಟ್ಟ ಐದು ಖಾತೆಗಳು

ಹಿರಿಯೂರಿನ ಅಂಗಡಿ ಮುಚ್ಚಿದೆ, ಬಾಕಿ 7 ಲಕ್ಷ, ಕೊನೆಯ ಬಿಲ್ಲಿಗೂ ದಾವೆ ಹಾಕುವ ಕಾಲಮಿತಿ ದಾಟಿದೆ. ಕಾಲಮಿತಿ ಕಾಯ್ದೆ 1963ರಂತೆ ಮಾರಿದ ಮಾಲಿನ ಬಾಕಿಗೆ ದಾವೆ ಹಾಕಲು ಮೂರು ವರ್ಷ. ಉದ್ರಿಯ ಅವಧಿ ಗೊತ್ತುಮಾಡಿದ್ದರೆ ಅದು ಮುಗಿದ ದಿನದಿಂದ ಎಣಿಕೆ. ಆ ಅವಧಿಯೊಳಗೆ ಡೀಲರ್ ಬಾಕಿ ಒಪ್ಪಿ ಬರೆದು ಸಹಿ ಮಾಡಿದ್ದರೆ ಕಲಂ 18ರಂತೆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತಿತ್ತು. ಒಂದು ಹಾಳೆಯ ಬಾಕಿ ಪತ್ರಕ್ಕೆ ಸಹಿ ಮಾಡಿಸದೆ ಹೋದದ್ದಕ್ಕೆ 7 ಲಕ್ಷ ಪೂರ್ತಿ ನಷ್ಟ. ಬೇಸರದ ಸಂಗತಿಯೆಂದರೆ ಎರಡನೇ ವರ್ಷದಲ್ಲಿ ಆತ ಅಂಗಡಿ ನಡೆಸುತ್ತಲೇ ಇದ್ದ, ಕೇಳಿದ್ದರೆ ಸಹಿ ಮಾಡುತ್ತಿದ್ದ.

ಎರಡನೆಯದು 9 ಲಕ್ಷ, ಚೆಕ್ ಬೌನ್ಸ್ ಆಗಿ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಪ್ರಕರಣ ನಡೆಯುತ್ತಿದೆ. ಚೆಕ್ ವಾಪಸಾದ ಮಾಹಿತಿ ಬಂದು 30 ದಿನದೊಳಗೆ ನೋಟಿಸ್ ಹೋಗಿದೆ, 15 ದಿನದ ಗಡುವು ಮುಗಿದು ಒಂದು ತಿಂಗಳೊಳಗೆ ದೂರು ದಾಖಲಾಗಿದೆ, ಆದ್ದರಿಂದ ಕೇಸು ನಿಲ್ಲುತ್ತದೆ. ಅಂಗಡಿ ನಡೆಯುತ್ತಿದೆ, ರಾಜಿಗೆ ಮಾತು ಬಂದಿದೆ. 5 ಲಕ್ಷ ಬರಬಹುದೆಂದು ಎಣಿಸಿ 4 ಲಕ್ಷ ಪ್ರಾವಿಷನ್. ಮೂರನೆಯದು 6 ಲಕ್ಷ: ಡೀಲರ್ ತೀರಿಕೊಂಡಿದ್ದಾರೆ, ಮಗ ಅಂಗಡಿ ಮುಂದುವರಿಸಿ ಬಾಕಿ ಒಪ್ಪಿ ಸಹಿ ಮಾಡಿದ್ದಾನೆ, ಕಂತಿನಲ್ಲಿ ಕೊಡುತ್ತಿದ್ದಾನೆ. ನಾಲ್ಕರಲ್ಲಿ ಒಂದು ಪಾಲು, 1.50 ಲಕ್ಷ. ಉಳಿದಿಬ್ಬರದು ಸೇರಿ 4 ಲಕ್ಷ, ಬೀಜ ಮೊಳೆಯಲಿಲ್ಲ ಎಂಬ ತಕರಾರು. ತಯಾರಕರು 3 ಲಕ್ಷಕ್ಕೆ ಕ್ರೆಡಿಟ್ ಕೊಡಲು ಲಿಖಿತವಾಗಿ ಒಪ್ಪಿರುವುದರಿಂದ 1 ಲಕ್ಷ ಮಾತ್ರ. ಐದೂ ಸೇರಿ 13.50 ಲಕ್ಷ.

ಹೀಗೆ ಒಟ್ಟು ಪ್ರಾವಿಷನ್ 37.74 ಲಕ್ಷ, ಬಾಕಿಯ ಶೇ 9.5. ಹಳೆಯ ಶೇ 2ರ ಪದ್ಧತಿಗಿಂತ ನಾಲ್ಕು ಪಟ್ಟಿಗೂ ಮೇಲೆ.

ಪುಸ್ತಕ, ತೆರಿಗೆ

ಆರಂಭದಲ್ಲಿ ಪ್ರಾವಿಷನ್ ಖಾತೆಯಲ್ಲಿ 7.60 ಲಕ್ಷ ಇತ್ತು. ಆದ್ದರಿಂದ ಈ ವರ್ಷ ಲಾಭನಷ್ಟ ಖಾತೆಗೆ ಖರ್ಚು ಬೀಳುವುದು 30.14 ಲಕ್ಷ. ಆಮೇಲೆ ಹಿರಿಯೂರಿನ 7 ಲಕ್ಷವನ್ನು ಪ್ರಾವಿಷನ್‌ಗೆ ಖರ್ಚು ಹಾಕಿ ಡೀಲರ್ ಖಾತೆಯಿಂದಲೇ ತೆಗೆದುಹಾಕಬೇಕು. ಉಳಿಯುವ ಬಾಕಿ 389 ಲಕ್ಷ, ಅದರ ಎದುರು ಪ್ರಾವಿಷನ್ 30.74 ಲಕ್ಷ.

ಈ ಎರಡನೇ ನಮೂದು ತೆರಿಗೆಗೆ ಮುಖ್ಯ. 2023-24ಕ್ಕೆ ಅನ್ವಯಿಸುವ ಆದಾಯ ತೆರಿಗೆ ಕಾಯ್ದೆ 1961ರ ಕಲಂ 36(1)(vii) ಪ್ರಕಾರ ಕಳೆಯಲು ಸಿಗುವುದು ಪುಸ್ತಕದಿಂದ ನಿಜವಾಗಿ ರೈಟ್‌ಆಫ್ ಆದ ಸಾಲ ಮಾತ್ರ, ಪ್ರಾವಿಷನ್ ಅಲ್ಲ. ಆದಾಯದ ಲೆಕ್ಕದಲ್ಲಿ 30.14 ಲಕ್ಷವನ್ನು ವಾಪಸ್ ಸೇರಿಸಿ 7 ಲಕ್ಷ ಕಳೆಯಬೇಕು. ಆ ಸಾಲ ವಸೂಲಾಗುವುದೇ ಇಲ್ಲ ಎಂದು ಸಾಬೀತು ಮಾಡುವ ಹೊರೆ ಈಗಿಲ್ಲ. 1 ಏಪ್ರಿಲ್ 1989ರಿಂದ ಈಚೆಗೆ ಪುಸ್ತಕದಲ್ಲಿ ರೈಟ್‌ಆಫ್ ಆಗಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ ಹೇಳಿದೆ. ಆದರೆ ಆ ಮಾರಾಟ ಹಿಂದೆ ಆದಾಯವಾಗಿ ಲೆಕ್ಕಕ್ಕೆ ಬಂದಿರಬೇಕು.

ಜಿಎಸ್‌ಟಿಯಲ್ಲಿ ಈ ಸಮಾಧಾನವೂ ಇಲ್ಲ. ಡೀಲರ್ ಹಣ ಕೊಡಲಿಲ್ಲ ಎಂಬ ಕಾರಣಕ್ಕೆ ಕ್ರೆಡಿಟ್ ನೋಟ್ ಮಾಡಿ ಕಟ್ಟಿದ ತೆರಿಗೆ ಹಿಂಪಡೆಯಲು ಕಲಂ 34ರಲ್ಲಿ ಅವಕಾಶವಿಲ್ಲ. ಕೀಟನಾಶಕದ ಮೇಲಿನ ಶೇ 18 ಸೇರಿಯೇ ನಷ್ಟ. ಆದ್ದರಿಂದ ಪ್ರಾವಿಷನ್ ಲೆಕ್ಕವನ್ನು ತೆರಿಗೆ ಸೇರಿದ ಬಾಕಿಯ ಮೇಲೇ ಮಾಡಬೇಕು. ಆದರೆ ಅದೇ ಕಾಯ್ದೆಯಲ್ಲಿ ವಸೂಲಿಗೆ ಒಂದು ಒಳ್ಳೆಯ ಹಿಡಿತವಿದೆ: ಬಿಲ್ ಆಗಿ 180 ದಿನದೊಳಗೆ ಹಣ ಕೊಡದ ಡೀಲರ್ ತಾನು ಪಡೆದ ತೆರಿಗೆ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು, ಹಣ ಕೊಟ್ಟ ಮೇಲಷ್ಟೇ ಮತ್ತೆ ಪಡೆಯಬಹುದು. ಬಿಲ್ 412ಕ್ಕೆ ಆ ದಿನ 14 ಫೆಬ್ರುವರಿ 2024. ಪ್ರತಿ ತಿಂಗಳು 150 ದಿನ ದಾಟಿದ ಬಿಲ್‌ಗಳ ಪಟ್ಟಿ ಮಾಡಿ ಡೀಲರ್‌ಗೂ ಅವನ ತೆರಿಗೆ ಸಲಹೆಗಾರನಿಗೂ ಕಳಿಸಿದರೆ ಫೋನ್ ಕರೆಗಿಂತ ಹೆಚ್ಚು ಕೆಲಸವಾಗುತ್ತದೆ. ಉದ್ಯಮ್ ನೋಂದಣಿ ಇದೆಯಲ್ಲ, ಸಣ್ಣ ಉದ್ದಿಮೆಗಳ 45 ದಿನದ ನಿಯಮದಡಿ ಬಡ್ಡಿ ಕೇಳಬಹುದು ಎಂದು ಹಲವು ಸಗಟು ವ್ಯಾಪಾರಿಗಳು ನಂಬಿದ್ದಾರೆ. 2021ರ ಜುಲೈನಿಂದ ವ್ಯಾಪಾರಿಗಳಿಗೆ ಸಿಕ್ಕಿರುವ ಉದ್ಯಮ್ ನೋಂದಣಿ ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ, ಆ ದಾರಿ ಇವರಿಗೆ ತೆರೆದಿಲ್ಲ.

ಮೇ 31ರ ಪರೀಕ್ಷೆ

ಮಾರ್ಚ್ 31ರ ಲೆಕ್ಕಕ್ಕೆ ಸಹಿ ಬೀಳುವುದು ಸಾಮಾನ್ಯವಾಗಿ ತಿಂಗಳುಗಳ ನಂತರ. ಅಷ್ಟರೊಳಗೆ ಬಂದ ವಸೂಲಿ, ಬಾರದ ವಸೂಲಿ ಎರಡೂ ಎಎಸ್ 4ರಂತೆ ಆ ದಿನದ ಬಾಕಿಯ ಸ್ಥಿತಿಗೆ ಸಾಕ್ಷಿ. ಇದನ್ನು ದರ ಪರೀಕ್ಷಿಸಲು ಬಳಸಬೇಕು. ಖುಷ್ಕಿಯ 121–180ರ ಸಾಲಿನ 28 ಲಕ್ಷವನ್ನು ತೆಗೆದುಕೊಳ್ಳಿ. ಮೇ 31ರ ಹೊತ್ತಿಗೆ ಆ ಬಿಲ್‌ಗಳೆಲ್ಲ 180 ದಿನ ದಾಟಿರುತ್ತವೆ. ಇತಿಹಾಸದಲ್ಲಿ 120 ದಾಟಿದ 360ರಲ್ಲಿ 180 ದಾಟಿದ್ದು 144, ಶೇ 40. ಹಾಗಾದರೆ 28 ಲಕ್ಷದಲ್ಲಿ 11 ಲಕ್ಷ ಉಳಿಯಬೇಕು. ಕೆಲವು ಬಿಲ್‌ಗಳು ಮೆಟ್ಟಿಲಿನ ತುದಿಯಲ್ಲೇ ಇದ್ದವು ಎಂದುಕೊಂಡರೆ 14 ಲಕ್ಷದವರೆಗೂ ಸಹಜ. ಏಪ್ರಿಲ್, ಮೇ ತಿಂಗಳಲ್ಲಿ ಖುಷ್ಕಿಯಲ್ಲಿ ಬೆಳೆಯ ದುಡ್ಡು ಬರುವುದಿಲ್ಲ. ಇತಿಹಾಸದ ಬಾಕಿಯೂ ಬಹುಪಾಲು ಇದೇ ತಿಂಗಳುಗಳಲ್ಲಿ ಇದೇ ಮೆಟ್ಟಿಲು ದಾಟಿದ್ದರಿಂದ ಹೋಲಿಕೆ ನ್ಯಾಯವಾದದ್ದು. ಮೇ 31ಕ್ಕೆ 14 ಲಕ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಶೇ 7.5ರ ದರವನ್ನು ಏರಿಸಿ ಲೆಕ್ಕ ಮತ್ತೆ ಹಾಕಬೇಕು, ಏಕೆಂದರೆ ಎರಡು ಸಲ ಎಣಿಕೆಯಾಗಬಾರದೆಂದು ಬರದ ಗುಣಕ ಹಾಕದೆ ಬಿಟ್ಟ ಜಾಗ ಅದೇ.